ಮೊಬೈಲ್‌ನ ಒಂದೇ ಟಚ್, ಕಂಪ್ಯೂಟರಿನ ಕೈಕೆಲಸ: ಫೋಟೊದಿಂದ ಬೇಡದ್ದನ್ನು ತೆಗೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಫೋಟೊ ಒಂದೇ. ಬಸವನಗುಡಿಯ ಹಳೇ ಮನೆಯೊಂದನ್ನು ಎದುರು ಫುಟ್‌ಪಾತಿನಲ್ಲಿ ನೇರವಾಗಿ ನಿಂತು ಮೊಬೈಲ್‌ನಲ್ಲಿ ತೆಗೆದದ್ದು ಎಂದಿಟ್ಟುಕೊಳ್ಳಿ. 4000 × 3000 ಪಿಕ್ಸೆಲ್, ಅಂದರೆ ಮಾಮೂಲಿ 12 ಮೆಗಾಪಿಕ್ಸೆಲ್. ಆಕಾಶದಲ್ಲಿ ಎರಡು ಇಂಟರ್ನೆಟ್ ಕೇಬಲ್ ಹಾದುಹೋಗಿವೆ. ಮೂರನೆಯದು ಜೋತುಬಿದ್ದು ಮಂಕಿ ಟಾಪ್‌ಗೆ, ಅಂದರೆ ಹಳೇ ಬೆಂಗಳೂರಿನ ಮನೆಗಳಲ್ಲಿ ಕಾಣುವ ಆ ಚೂಪು ಮರದ ಜಾಲರಿಗೆ, ಅಡ್ಡ ಬಂದಿದೆ. ಕೆಳಗೆ ಎರಡು ಬಾಗಿಲಿನ ಕಬ್ಬಿಣದ ಗೇಟು. ಅದರ ಎಡ ಬಾಗಿಲಿಗೆ ಅಡ್ಡಲಾಗಿ ಒಂದು ಸ್ಕೂಟರ್ ನಿಂತಿದೆ, ಅದರ ಚಕ್ರ ಗೇಟಿನ ಮುಂದಿನ ರಂಗೋಲಿಯ ಎಡ ಅಂಚನ್ನು ಮುಚ್ಚಿದೆ. ಕೇಬಲ್ಲೂ ಬೇಡ, ಸ್ಕೂಟರೂ ಬೇಡ.

## ಒಂದೇ ಟಚ್‌ನಲ್ಲಿ ತೆಗೆಯುವ ಆಪ್ ನಿಜಕ್ಕೂ ಏನು ಮಾಡುತ್ತದೆ?

ತೆಗೆಯುವುದು ಅರ್ಧ ಕೆಲಸ ಅಷ್ಟೆ. ಸ್ಕೂಟರ್ ಹೋದ ಮೇಲೆ ಅಲ್ಲೊಂದು ತೂತು ಉಳಿಯುತ್ತದಲ್ಲ, ಅದನ್ನು ತುಂಬುವುದು ಉಳಿದರ್ಧ. ಫಲಿತಾಂಶ ಚೆನ್ನಾಗಿ ಬರುವುದೂ ಕೆಡುವುದೂ ಈ ತುಂಬುವ ಕೆಲಸದಲ್ಲೇ. ಸ್ಕೂಟರಿನ ಹಿಂದೆ ಗೇಟಿನ ಸರಳುಗಳು ಹೇಗಿದ್ದವು ಎಂಬ ಮಾಹಿತಿ ಫೈಲಿನಲ್ಲಿ ಇಲ್ಲವೇ ಇಲ್ಲ, ಯಾಕೆಂದರೆ ಕ್ಯಾಮೆರಾ ಅದನ್ನು ನೋಡಿಲ್ಲ. ಆದ್ದರಿಂದ ಆಪ್ ಊಹಿಸಬೇಕು.

ಊಹಿಸುವ ದಾರಿ ಸ್ಥೂಲವಾಗಿ ಎರಡು. ಹಳೆಯದು, ತೂತಿನ ಅಂಚನ್ನು ನೋಡಿ ಅದಕ್ಕೆ ಹೊಂದುವ ತುಣುಕುಗಳನ್ನು ಅದೇ ಫೋಟೊದ ಬೇರೆ ಕಡೆಯಿಂದ ಹೆಕ್ಕಿ ತೇಪೆ ಹಾಕುವುದು. 2010ರಲ್ಲಿ ಫೋಟೊಶಾಪ್ ಸಿಎಸ್5 ಜೊತೆ ಬಂದ `Content-Aware Fill` ಈ ಜಾತಿಯದು. ಹೊಸದು, ಲಕ್ಷಾಂತರ ಫೋಟೊಗಳ ಮೇಲೆ ಕಲಿತ ಎಐ ಮಾದರಿ ಇಂಥ ಜಾಗದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂದು ಲೆಕ್ಕಹಾಕಿ ಪಿಕ್ಸೆಲ್‌ಗಳನ್ನು ಹೊಸದಾಗಿಯೇ ಬರೆಯುವುದು. ಈಗಿನ ಮೊಬೈಲ್ ಆಪ್‌ಗಳಲ್ಲಿ ಹೆಚ್ಚಿನವು ಈ ಕಡೆ ವಾಲಿವೆ. ಎರಡಕ್ಕೂ ಒಂದು ಸಮಾನ ದೌರ್ಬಲ್ಯ: ನಿಮ್ಮ ಮನೆಯ ಗೇಟು ಎರಡೂ ಬದಿ ಒಂದೇ ತರಹ ಇದೆ ಎಂಬ ಸಂಗತಿ ಅವಕ್ಕೆ ಗೊತ್ತಿಲ್ಲ. ನಿಮಗೆ ಗೊತ್ತು. ಕಂಪ್ಯೂಟರಿನ ಉಪಕರಣಗಳಲ್ಲಿ ಆ ತಿಳಿವಳಿಕೆಯನ್ನು ಬಳಸಲು ಅವಕಾಶವಿದೆ, ಒಂದೇ ಟಚ್‌ನಲ್ಲಿ ಇಲ್ಲ. ನಿಜವಾದ ವ್ಯತ್ಯಾಸ ಇದು. ಮೊಬೈಲಿಗಿಂತ ಕಂಪ್ಯೂಟರ್ ಬುದ್ಧಿವಂತ ಎಂದೇನಲ್ಲ.

## ಯಾವ ಫೋಟೊಗೆ ಮೊಬೈಲ್ ಸಾಕು?

ವಸ್ತು ಎಷ್ಟು ದೊಡ್ಡದು ಎಂದು ನೋಡಬೇಡಿ, ಅದರ ಹಿಂದೆ ಏನಿದೆ ಎಂದು ನೋಡಿ. ಆಕಾಶ, ಹುಲ್ಲು, ಮರಳು, ಬಣ್ಣ ಬಳಿದ ಸಾದಾ ಗೋಡೆ, ಡಾಂಬರು, ದೂರದ ಮರಗಳ ಹಸಿರು: ಇವುಗಳ ಮೇಲಿರುವುದನ್ನು ಮೊಬೈಲ್ ಸಲೀಸಾಗಿ ತೆಗೆಯುತ್ತದೆ. ಹುಲ್ಲಿನ ಒಂದು ಎಸಳು ಅತ್ತಿತ್ತ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಫೋಟೊದ ಆಕಾಶದ ಎರಡು ಕೇಬಲ್‌ಗಳಿಗೆ ಕಂಪ್ಯೂಟರ್ ತೆರೆಯುವುದು ದಂಡ.

ಕಷ್ಟ ಶುರುವಾಗುವುದು ಹಿಂದೆ ಲೆಕ್ಕಾಚಾರದ ವಿನ್ಯಾಸ ಇದ್ದಾಗ. ಗ್ರಿಲ್, ಜಾಲರಿ, ಹಂಚಿನ ಸಾಲು, ಟೈಲ್ಸ್ ನೆಲ, ಮೆಟ್ಟಿಲು, ಕಿಟಕಿ ಸರಳು, ಬೋರ್ಡಿನ ಅಕ್ಷರ, ಸೀರೆಯ ಅಂಚು. ಇಲ್ಲಿ ಒಂದು ಸರಳು ಎರಡು ಮಿಲಿಮೀಟರ್ ವಾಲಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಮನುಷ್ಯರ ಮುಖ, ಕೈ, ಭುಜದ ಮುಂದಿರುವ ವಸ್ತು ಇನ್ನೂ ಕಷ್ಟ.

## ಯಾವ ಆಪ್ ಬಳಸಬೇಕು?

ಆಂಡ್ರಾಯ್ಡ್‌ನಲ್ಲಿ ಗೂಗಲ್ ಫೋಟೋಸ್‌ನ `Magic Eraser` ಸಾಕು. 2021ರಲ್ಲಿ ಪಿಕ್ಸೆಲ್ 6 ಫೋನಿಗಷ್ಟೇ ಬಂದದ್ದು, 2024ರಿಂದ ಬೇರೆ ಫೋನಿನವರಿಗೂ ಹಣ ಕೊಡದೆ ಸಿಗುತ್ತಿದೆ. ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ `Object eraser` ಇದೆ. ಐಫೋನಿನಲ್ಲಿ `Clean Up` ಐಒಎಸ್ 18.1ರಿಂದ ಬಂದಿದೆ, ಆದರೆ ಐಫೋನ್ 15 ಪ್ರೊ ಮತ್ತು ಅದಕ್ಕಿಂತ ಹೊಸ ಫೋನುಗಳಿಗೆ ಮಾತ್ರ. ಹಳೇ ಫೋನಿದ್ದರೆ ಸ್ನ್ಯಾಪ್‌ಸೀಡ್‌ನ `Healing` ಸಣ್ಣಪುಟ್ಟದಕ್ಕೆ ಆಗುತ್ತದೆ. ಇವುಗಳ ನಡುವೆ ಇದೇ ಮೇಲು ಎಂದು ವಾದ ಮಾಡುವುದರಲ್ಲಿ ಹುರುಳಿಲ್ಲ. ಸಾದಾ ಹಿನ್ನೆಲೆಯಲ್ಲಿ ಎಲ್ಲವೂ ಪಾಸು, ಗ್ರಿಲ್ ಮುಂದೆ ಎಲ್ಲವೂ ತಡವರಿಸುತ್ತವೆ.

ಕಂಪ್ಯೂಟರಿನಲ್ಲಿ ಹಣ ಕೊಡುವವರಿಗೆ ಫೋಟೊಶಾಪ್, ಕೊಡದವರಿಗೆ ಗಿಂಪ್. ಏನನ್ನೂ ಇನ್‌ಸ್ಟಾಲ್ ಮಾಡಲಾಗದ ಆಫೀಸ್ ಕಂಪ್ಯೂಟರಾದರೆ ಬ್ರೌಸರಿನಲ್ಲೇ ತೆರೆಯುವ ಫೋಟೊಪೀ. ಕೆಳಗಿನ ಹಂತಗಳನ್ನು ಗಿಂಪ್‌ಗೆ ಬರೆದಿದ್ದೇವೆ. ಫೋಟೊಶಾಪ್‌ನಲ್ಲಿ ಬೇರೆಯಾಗುವ ಕೀಲಿಗಳನ್ನು ಅಲ್ಲಲ್ಲೇ ಹೇಳಿದ್ದೇವೆ.

## ಬೆರಳಲ್ಲಿ ಗುರುತು ಹಾಕುವಾಗ ಅಂಚಿಗೆ ಸರಿಯಾಗಿ ಹಾಕಬೇಕೇ, ಸ್ವಲ್ಪ ಆಚೆಗೆ ಹೋಗಬೇಕೇ?

ಸ್ವಲ್ಪ ಆಚೆಗೆ ಹೋಗಬೇಕು. ಹೊಸಬರ ಫೋಟೊ ಕೆಡಲು ಇದೇ ಅತಿ ಸಾಮಾನ್ಯ ಕಾರಣ. ಕೆಂಪು ಸ್ಕೂಟರಿನ ಅಂಚಿನಲ್ಲಿ ಎರಡು ಮೂರು ಪಿಕ್ಸೆಲ್ ಕೆಂಪು ಉಳಿದರೆ ಸಾಕು, ಆಪ್ ಅದನ್ನೂ ಹಿನ್ನೆಲೆಯ ಭಾಗವೆಂದೇ ತಿಳಿದು ಆ ಬಣ್ಣವನ್ನು ಒಳಕ್ಕೆ ಎಳೆದು ತರುತ್ತದೆ. ಸ್ಕೂಟರ್ ಹೋಗಿ ಅದೇ ಆಕಾರದ ಒಂದು ಕೆಂಪು ಮಬ್ಬು ಉಳಿಯುತ್ತದೆ. 12 ಮೆಗಾಪಿಕ್ಸೆಲ್ ಫೋಟೊದಲ್ಲಿ ವಸ್ತುವಿನ ಸುತ್ತ ಐದರಿಂದ ಹತ್ತು ಪಿಕ್ಸೆಲ್ ಹೆಚ್ಚುವರಿ ಸೇರಿಸಿ. ಬೆರಳಿಗೆ ಪಿಕ್ಸೆಲ್ ಲೆಕ್ಕ ಸಿಗುವುದಿಲ್ಲ, ನಿಜ. ಅದಕ್ಕೆ ಮೊದಲು ಎರಡು ಬೆರಳಲ್ಲಿ ಫೋಟೊ ಹಿಗ್ಗಿಸಿ, ಆಮೇಲೆ ಗುರುತು ಹಾಕಿ. ಹಿಗ್ಗಿಸಿದಷ್ಟೂ ಬ್ರಷ್ ಫೋಟೊದ ಅಳತೆಯಲ್ಲಿ ಸಣ್ಣದಾಗುತ್ತದೆ.

ಅತಿಯಾದರೂ ಕೆಡುತ್ತದೆ. ಕೇಬಲ್ ಆರು ಪಿಕ್ಸೆಲ್ ದಪ್ಪ ಇದ್ದಾಗ ಅರವತ್ತು ಪಿಕ್ಸೆಲ್ ಅಗಲಕ್ಕೆ ಬಳಿದರೆ, ಚೆನ್ನಾಗಿದ್ದ ಹಂಚನ್ನೂ ನೀವೇ ಅಳಿಸಿ, ಅದನ್ನೂ ಊಹಿಸು ಎಂದು ಹೇಳಿದ ಹಾಗೆ.

ಇನ್ನೊಂದು ಮಾತು. ವಸ್ತು ಫೋಟೊದ ಅಂಚಿಗೇ ಅಂಟಿಕೊಂಡಿದ್ದರೆ ಆಪ್‌ಗೆ ಸುಳಿವು ಸಿಗುವುದು ಒಂದು ಬದಿಯಿಂದ ಮಾತ್ರ. ಅಂಥಲ್ಲಿ ಕ್ರಾಪ್ ಮಾಡಿದರೆ ಮುಗಿಯಿತು. ಹಾಗೆಯೇ, ಒಳಗಿನ ವಸ್ತುವನ್ನು ತೆಗೆಯುವ ಮುಂಚೆ ಬಿಗಿಯಾಗಿ ಕ್ರಾಪ್ ಮಾಡಬೇಡಿ. ಸುತ್ತ ಜಾಗ ಹೆಚ್ಚಿದ್ದಷ್ಟೂ ಊಹೆ ಚೆನ್ನಾಗಿರುತ್ತದೆ. ಫಿಲ್ಟರ್, ಬಣ್ಣ, ಶಾರ್ಪ್ ಇವೆಲ್ಲ ಕೊನೆಗೆ.

## ಸ್ಕೂಟರ್ ಹೋಯಿತು, ಆದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಯಾಕೆ?

ನೆಲ ನೋಡಿ. ನೆರಳು ಉಳಿದಿರುತ್ತದೆ. ಚಕ್ರ ನೆಲಕ್ಕೆ ತಾಗುವಲ್ಲಿ ಒಂದು ಗಾಢ ಕಪ್ಪು ಗೆರೆಯೂ, ಅದರಾಚೆ ಹರಡಿದ ತೆಳು ನೆರಳೂ ಇರುತ್ತವೆ. ಎರಡನ್ನೂ ಗುರುತಿಗೆ ಸೇರಿಸಬೇಕು. ಮಳೆ ಬಂದು ನಿಂತ ರಸ್ತೆಯಾದರೆ ನೀರಿನಲ್ಲಿ ತಲೆಕೆಳಗಾದ ಸ್ಕೂಟರ್, ಅಂಗಡಿಯ ಮುಂದಾದರೆ ಗಾಜಿನಲ್ಲಿ ಅದರ ಬಿಂಬ. ಇವನ್ನು ಆಪ್ ತಾನಾಗಿ ಹುಡುಕುತ್ತದೆ ಎಂದು ನಂಬಬೇಡಿ, ಕೆಲವೊಮ್ಮೆ ಹುಡುಕುತ್ತದೆ, ಕೆಲವೊಮ್ಮೆ ಇಲ್ಲ.

ಎಐ ಮಾದರಿಗಳಲ್ಲಿ ನೆರಳು ಬಿಟ್ಟರೆ ಇನ್ನೊಂದು ತಮಾಷೆ ನಡೆಯುತ್ತದೆ. ಫೋಟೊಶಾಪ್‌ನ `Generative Fill` ಬಳಸಿ ಸ್ಕೂಟರನ್ನಷ್ಟೇ ಆಯ್ದು, ನೆರಳನ್ನು ಹಾಗೇ ಬಿಟ್ಟರೆ, ನೆರಳಿದ್ದ ಮೇಲೆ ಅದನ್ನು ಬೀಳಿಸುವ ವಸ್ತುವೂ ಇರಬೇಕಲ್ಲ ಎಂದು ಅದು ಅಲ್ಲೊಂದು ಕುಂಡವನ್ನೋ ಇನ್ನೊಂದು ಗಾಡಿಯನ್ನೋ ತಂದು ನಿಲ್ಲಿಸುವುದುಂಟು. ನೆರಳನ್ನು ಸೇರಿಸಿ ಆಯ್ದುಕೊಂಡರೆ ಈ ಕಾಟ ಬಹುಪಾಲು ನಿಲ್ಲುತ್ತದೆ.

## ನಮ್ಮ ಫೋಟೊವನ್ನು ಮೊಬೈಲಿಗೆ ಕೊಟ್ಟರೆ ಎಲ್ಲೆಲ್ಲಿ ಕೆಡುತ್ತದೆ?

ಆಕಾಶದ ಕೇಬಲ್‌ಗಳು ಒಂದೊಂದು ಗೀಟಿಗೆ ಮಾಯ. ಮಂಕಿ ಟಾಪ್ ಮೇಲಿನ ಮೂರನೆಯ ಕೇಬಲ್ಲೂ ಮೇಲ್ನೋಟಕ್ಕೆ ಹೋಗುತ್ತದೆ. ಹಿಗ್ಗಿಸಿ ನೋಡಿದರೆ ಮಾತ್ರ ತಿಳಿಯುವುದು: ಕೇಬಲ್ ಹಾದಿದ್ದ ದಾರಿಯುದ್ದಕ್ಕೂ ಜಾಲರಿಯ ಪಟ್ಟಿಗಳು ಒಂದಕ್ಕೊಂದು ಕರಗಿ ಸೇರಿವೆ, ನಡುವಿನ ಕಪ್ಪು ತೂತುಗಳು ಮುಚ್ಚಿಹೋಗಿವೆ. ಮರಕ್ಕೆ ಮೇಣ ಸುರಿದ ಹಾಗೆ ಕಾಣುತ್ತದೆ. ವಾಟ್ಸಾಪ್ ಸ್ಟೇಟಸ್‌ಗೆ ಇದು ಸಾಕು, ಯಾರೂ ಕೇಳುವುದಿಲ್ಲ. ಫ್ರೇಮು ಹಾಕಿಸುವುದಾದರೆ ಆಗದು.

ಸ್ಕೂಟರ್ ಜಾಗ ಇನ್ನೂ ಕೆಟ್ಟದಾಗಿ ಬರುತ್ತದೆ. ಅದು ಗೇಟಿನ ಎಡ ಬಾಗಿಲಿನ ಕೆಳ ಅರ್ಧವನ್ನೇ ಮುಚ್ಚಿದೆ, ಸುಮಾರು 450 ಪಿಕ್ಸೆಲ್ ಅಗಲ. ಆಪ್ ಅಲ್ಲಿ ಸರಳುಗಳನ್ನು ಬರೆಯುತ್ತದೆ, ಆದರೆ ಮೇಲಿನಿಂದ ಇಳಿದ ಏಳು ಸರಳು ಕೆಳಗೆ ಬರುವಾಗ ಐದಾಗಿರುತ್ತವೆ, ಒಂದೆರಡು ನಡುವೆ ಕವಲೊಡೆದಿರುತ್ತವೆ. ಬಲ ಬಾಗಿಲಿನ ಕೆಳಗೆ ಹೂವಿನಾಕಾರದ ಕಬ್ಬಿಣದ ಕೆಲಸ ಇದ್ದರೆ ಎಡಕ್ಕೆ ಅದರ ಸುಳಿವೇ ಇರುವುದಿಲ್ಲ. ರಂಗೋಲಿಯ ಎಡ ಅಂಚು ಬಿಳಿ ಪುಡಿ ಚೆಲ್ಲಿದಂತೆ ಕೊನೆಗೊಳ್ಳುತ್ತದೆ. ಮತ್ತೆ ಮತ್ತೆ ಅದೇ ಜಾಗವನ್ನು ಉಜ್ಜಿದರೆ ಸರಿಹೋಗುತ್ತದೆ ಎಂದು ಹಲವರು ನೋಡುತ್ತಾರೆ. ಪ್ರತಿ ಸಲ ಹಿಂದಿನ ಊಹೆಯ ಮೇಲೆ ಇನ್ನೊಂದು ಊಹೆ ಕೂರುತ್ತದೆ, ಜಾಗ ಇನ್ನಷ್ಟು ಮಬ್ಬಾಗುತ್ತದೆ. ಎರಡನೇ ಸಲಕ್ಕೂ ಸರಿಬರದಿದ್ದರೆ `Undo` ಮಾಡಿ ಅಲ್ಲಿಗೆ ಬಿಡಿ.

## ಅದನ್ನೇ ಕಂಪ್ಯೂಟರಿನಲ್ಲಿ ಹೇಗೆ ಮಾಡುವುದು?

ಮೂಲ ಫೈಲನ್ನು ಕೇಬಲ್ ಹಾಕಿಯೋ ಡ್ರೈವ್ ಮೂಲಕವೋ ಕಂಪ್ಯೂಟರಿಗೆ ತನ್ನಿ. ಗಿಂಪ್‌ನಲ್ಲಿ ತೆರೆದು `Shift+Ctrl+D` ಒತ್ತಿ ಲೇಯರಿನ, ಅಂದರೆ ಚಿತ್ರದ ಪದರದ, ನಕಲು ಮಾಡಿಕೊಳ್ಳಿ. ಕೆಲಸವೆಲ್ಲ ನಕಲಿನ ಮೇಲೆ, ಕೆಳಗಿನ ಮೂಲ ಮುಟ್ಟಬೇಡಿ. ಎಲ್ಲಾದರೂ ಎಡವಿದರೆ ಆ ಜಾಗವನ್ನು ಅಲ್ಲಿಂದ ಮರಳಿ ಪಡೆಯಬಹುದು.

ಮೊದಲು ಜಾಲರಿಯ ಮೇಲಿನ ಕೇಬಲ್. ಇದಕ್ಕೆ `C` ಒತ್ತಿ, ಒಂದು ಜಾಗದ ಚಿತ್ರವನ್ನು ಇನ್ನೊಂದು ಜಾಗದ ಮೇಲೆ ನಕಲಾಗಿ ಬಳಿಯುವ `Clone` ತೆಗೆದುಕೊಳ್ಳಿ. ಫೋಟೊಶಾಪ್‌ನಲ್ಲಿ ಅದು `S`. ಬ್ರಷ್ ಅಗಲ ಕೇಬಲ್‌ಗಿಂತ ತುಸು ಹೆಚ್ಚು, ಆರು ಪಿಕ್ಸೆಲ್ ಕೇಬಲ್‌ಗೆ ಹತ್ತು ಸಾಕು. `Alignment` ಅನ್ನು `Aligned` ಮಾಡಿ. ಈಗ ಕೇಬಲ್ ಒಂದು ಪಟ್ಟಿಯನ್ನು ಮುಚ್ಚಿರುವ ಜಾಗ ನೋಡಿ, ಅದರ ಮೇಲೋ ಕೆಳಗೋ ಅದೇ ಪಟ್ಟಿಗಳು ಅದೇ ರೀತಿ ಕೂಡುವ ಇನ್ನೊಂದು ಜಾಗ ಹುಡುಕಿ. ಜಾಲರಿ ಎಂದರೆ ಒಂದೇ ಚೌಕ ಮತ್ತೆ ಮತ್ತೆ ಬರುವುದು, ಆದ್ದರಿಂದ ಅಂಥ ಜಾಗ ಸಿಕ್ಕೇ ಸಿಗುತ್ತದೆ. ಪಟ್ಟಿಗಳೆರಡು ಕೂಡುವ ಮೂಲೆಯ ಮೇಲೆ `Ctrl` ಹಿಡಿದು ಕ್ಲಿಕ್ ಮಾಡಿ, ಫೋಟೊಶಾಪ್‌ನಲ್ಲಾದರೆ `Alt`. ಬಳಿಕ ಕೇಬಲ್‌ನ ಕೆಳಗಿರುವ ಅದೇ ಬಗೆಯ ಮೂಲೆಯ ಮೇಲೆ ಮೊದಲ ಗೀಟು ಹಾಕಿ. ಮೂಲೆಗೆ ಮೂಲೆ ಕೂತರೆ ಮುಂದಿನದೆಲ್ಲ ತಾನಾಗಿ ಕೂರುತ್ತದೆ. ಎರಡು ಪಿಕ್ಸೆಲ್ ತಪ್ಪಿದರೂ ಪಟ್ಟಿ ಮುರಿದಂತೆ ಕಾಣುತ್ತದೆ, ಆಗ `Ctrl+Z` ಒತ್ತಿ ಮತ್ತೊಮ್ಮೆ ಹೊಂದಿಸಿ. ಕೇಬಲ್ ನೆಟ್ಟಗಿರುವ ಕಡೆ ಒಂದು ತುದಿಗೆ ಕ್ಲಿಕ್ ಮಾಡಿ, `Shift` ಹಿಡಿದು ಇನ್ನೊಂದು ತುದಿಗೆ ಕ್ಲಿಕ್ ಮಾಡಿದರೆ ನಡುವೆ ಸರಳರೇಖೆಯಲ್ಲಿ ಬಳಿಯುತ್ತದೆ.

`Heal` ಎಂಬ ಉಪಕರಣವೂ ಪಕ್ಕದಲ್ಲೇ ಇದೆ, `H` ಒತ್ತಿದರೆ ಸಿಗುತ್ತದೆ. ಅದು ಬಣ್ಣವನ್ನು ಸುತ್ತಲಿನದಕ್ಕೆ ಬೆರೆಸುತ್ತದೆ. ಸಾದಾ ಗೋಡೆಗೆ ಒಳ್ಳೆಯದು. ಜಾಲರಿಗೆ ಅದನ್ನು ಬಳಸಬೇಡಿ, ಬಿಳಿ ಪಟ್ಟಿಯ ಬಣ್ಣ ಕಪ್ಪು ತೂತಿಗೆ ಸೋರಿ ಮೊಬೈಲ್ ಮಾಡಿದ್ದನ್ನೇ ನೀವೂ ಮಾಡಿದಂತಾಗುತ್ತದೆ.

ಈಗ ಗೇಟು. ಎಡ ಬಾಗಿಲಿನ ಕಾಣದ ಭಾಗ ಬಲ ಬಾಗಿಲಿನಲ್ಲಿ ಇದ್ದೇ ಇದೆ, ಕನ್ನಡಿಯಲ್ಲಿ ನೋಡಿದಂತೆ ತಿರುಗಿದೆ ಅಷ್ಟೆ. `R` ಒತ್ತಿ ಬಲ ಬಾಗಿಲನ್ನು ಆಯತದಲ್ಲಿ ಆಯ್ದುಕೊಳ್ಳಿ, `Ctrl+C`, `Ctrl+V`. ಆ ತುಣುಕು ತೇಲುತ್ತಿರುವಂತೆ ಬಂದರೆ ಅದನ್ನು ಹೊಸ ಲೇಯರ್ ಮಾಡಿ. `Shift+F` ಒತ್ತಿ ಅದರ ಮೇಲೆ ಕ್ಲಿಕ್ ಮಾಡಿದರೆ ಎಡಬಲ ತಿರುಗುತ್ತದೆ. `M` ಒತ್ತಿ ಎಡ ಬಾಗಿಲಿನ ಮೇಲೆ ತಂದಿಡಿ. ಲೇಯರಿನ `Opacity` ಅನ್ನು 50ಕ್ಕೆ ಇಳಿಸಿದರೆ ಕೆಳಗಿನದೂ ಕಾಣುತ್ತದೆ. ಸ್ಕೂಟರಿನ ಮೇಲೆ ಇಣುಕುವ ಸರಳುಗಳಿಗೆ ಇದರ ಸರಳುಗಳನ್ನು ಹೊಂದಿಸಿ. ನೇರವಾಗಿ ನಿಂತು ತೆಗೆದಿದ್ದೇವೆ ಅಂದುಕೊಂಡರೂ ಕ್ಯಾಮೆರಾ ಒಂದಿಷ್ಟು ವಾಲಿಯೇ ಇರುತ್ತದೆ, ಆದ್ದರಿಂದ ಒಂದು ಮೂಲೆ ಹೊಂದಿದರೆ ಇನ್ನೊಂದು ಹೊಂದುವುದಿಲ್ಲ. `Shift+P` ಒತ್ತಿ ನಾಲ್ಕೂ ಮೂಲೆಗಳನ್ನು ಬೇರೆ ಬೇರೆಯಾಗಿ ಎಳೆದು ಕೂರಿಸಿ.

ಕೂತ ಮೇಲೆ `Opacity` ಮರಳಿ 100. ಲೇಯರಿನ ಮೇಲೆ ರೈಟ್ ಕ್ಲಿಕ್ ಮಾಡಿ `Add Layer Mask` ಆರಿಸಿ, ಕಪ್ಪು ಬಣ್ಣದ ಮೆತ್ತನೆ ಬ್ರಷ್ಷಿನಲ್ಲಿ ಮಾಸ್ಕ್ ಮೇಲೆ ಬಳಿಯಿರಿ. ಕಪ್ಪು ಬಳಿದಲ್ಲಿ ಹೊಸ ತುಣುಕು ಮರೆಯಾಗಿ ಮೂಲದ ಗೇಟು ಕಾಣುತ್ತದೆ. ಸ್ಕೂಟರ್ ಇದ್ದ ಜಾಗವಷ್ಟೇ ಹೊಸದು, ಉಳಿದದ್ದೆಲ್ಲ ಮೂಲ, ಹಾಗಿರಬೇಕು. ಎಡಗಡೆ ಮರದ ನೆರಳಿದ್ದರೆ ಹೊಸ ತುಣುಕು ಹೆಚ್ಚು ಬೆಳಗಿರುತ್ತದೆ. ಆಗ ಮಾಸ್ಕ್ ಬಿಟ್ಟು ಲೇಯರಿನ ಚಿತ್ರದ ಮೇಲೆ ಕ್ಲಿಕ್ ಮಾಡಿ, `Colors > Curves` ತೆರೆದು ಗೆರೆಯ ನಡುವನ್ನು ತುಸು ಕೆಳಗೆಳೆಯಿರಿ.

ತಿರುಗಿಸಿದಾಗ ಎರಡು ಕಡೆ ಸಿಕ್ಕಿಬೀಳುತ್ತೀರಿ. ಒಂದು ಅಕ್ಷರ: ಬಲ ಬಾಗಿಲಿಗೆ ‘ನಾಯಿ ಇದೆ ಎಚ್ಚರಿಕೆ’ ಎಂಬ ತಗಡು ಇದ್ದರೆ ಎಡಗಡೆ ಅದು ಉಲ್ಟಾ ಬರುತ್ತದೆ, ಅದನ್ನು ಮಾಸ್ಕ್‌ನಲ್ಲಿ ಮುಚ್ಚಿ. ಇನ್ನೊಂದು ಬೆಳಕು: ಬಿಸಿಲು ಎಡದಿಂದ ಬರುತ್ತಿದ್ದರೆ ಪ್ರತಿ ಸರಳಿನ ಎಡ ಬದಿ ಹೊಳೆಯುತ್ತಿರುತ್ತದೆ, ತಿರುಗಿಸಿದ ಸರಳುಗಳಲ್ಲಿ ಹೊಳಪು ಬಲಕ್ಕೆ ಹೋಗಿರುತ್ತದೆ. ಬರೀ ನೆಟ್ಟಗಿನ ಸರಳುಗಳ ಗೇಟಾದರೆ ತಿರುಗಿಸದೆ ಹಾಗೇ ಸರಿಸಿ ಕೂರಿಸಿದರೆ ಈ ತೊಂದರೆ ಇಲ್ಲ.

ರಂಗೋಲಿಗೂ ಇದೇ ಉಪಾಯ, ಬಲ ಅರ್ಧವನ್ನು ತಿರುಗಿಸಿ ಎಡಕ್ಕೆ ಇಡುವುದು. ಮೇಲರ್ಧವನ್ನು ಕೆಳಕ್ಕೆ ತಿರುಗಿಸುವ ಆಸೆ ಬೇಡ. ನೆಲದ ಮೇಲಿನ ರಂಗೋಲಿ ಫೋಟೊದಲ್ಲಿ ಹತ್ತಿರದ ಅರ್ಧ ದೊಡ್ಡದಾಗಿ, ದೂರದ ಅರ್ಧ ಸಣ್ಣದಾಗಿ ಬಿದ್ದಿರುತ್ತದೆ. ಚುಕ್ಕಿ ಸುತ್ತ ಹೆಣೆದುಕೊಂಡು ಹೋಗುವ ಎಳೆ ರಂಗೋಲಿಯಾದರೆ ಇನ್ನೂ ಎಚ್ಚರ ಬೇಕು. ಕೆಲವು ವಿನ್ಯಾಸ ಎಡಬಲ ಒಂದೇ ಅಲ್ಲ, ಗಾಲಿಯಂತೆ ಸುತ್ತುತ್ತವೆ. ತಿರುಗಿಸಿದ ಎಳೆ ನಡುಗೆರೆಯಲ್ಲಿ ಮೂಲದ ಎಳೆಗೆ ಕೂಡದಿದ್ದರೆ ಅದು ಆ ಜಾತಿಯದು ಎಂದೇ ಅರ್ಥ.

ಉಳಿದದ್ದು ರಸ್ತೆ. ನೆರಳಿದ್ದ ಡಾಂಬರಿನ ಮೇಲೆ ಮೆತ್ತನೆ ಅಂಚಿನ ಬ್ರಷ್ಷಿನಲ್ಲಿ `Clone` ಮಾಡಿ, ಆದರೆ ಮೂಲವನ್ನು ಅದೇ ಅಡ್ಡಸಾಲಿನಿಂದ, ಅಂದರೆ ಕ್ಯಾಮೆರಾದಿಂದ ಅಷ್ಟೇ ದೂರ ಇರುವ ಜಾಗದಿಂದ ತೆಗೆದುಕೊಳ್ಳಿ. ಮುಂದಿನ ಡಾಂಬರಿನ ಜಲ್ಲಿಕಲ್ಲು ದಪ್ಪ ಕಾಣುತ್ತದೆ, ಹಿಂದಿನದು ಸಣ್ಣ. ಮುಂದಿನದನ್ನು ಹಿಂದಕ್ಕೆ ತಂದಿಟ್ಟರೆ ರಸ್ತೆ ಉಬ್ಬಿದಂತೆ ಕಾಣುತ್ತದೆ. ಒಂದೇ ಜಾಗದಿಂದ ಎಲ್ಲ ತೆಗೆದರೆ ಅದೇ ಎಣ್ಣೆ ಕಲೆ ಮೂರು ಕಡೆ ಕಾಣಿಸುತ್ತದೆ. ಎರಡು ಮೂರು ಕಡೆಯಿಂದ ಬದಲಿಸಿ ತನ್ನಿ.

ಹೊಸಬರಿಗೆ ಇಷ್ಟಕ್ಕೆಲ್ಲ ಒಂದೆರಡು ಗಂಟೆ ಹಿಡಿಯುತ್ತದೆ. ಮೊಬೈಲ್‌ನಲ್ಲಿ ಒಂದು ನಿಮಿಷದ ಕೆಲಸ. ಫೋಟೊ ಆ ಗಂಟೆಗಳಿಗೆ ಯೋಗ್ಯವೇ ಎಂದು ಮೊದಲೇ ತೀರ್ಮಾನಿಸಿ.

## ಫೋಟೊಶಾಪ್‌ನಲ್ಲೂ ಒಂದೇ ಗೀಟಿಗೆ ತೆಗೆಯುವುದಿದೆಯಲ್ಲ?

ಇದೆ. 2023ರಲ್ಲಿ ಬಂದ `Remove Tool` ಮೊಬೈಲಿನ ರೀತಿಯದ್ದೇ, ಮೊಬೈಲಿನ ಹಾಗೆಯೇ ಗ್ರಿಲ್‌ನಲ್ಲಿ ಎಡವುತ್ತದೆ. ಅದೇ ವರ್ಷದ `Generative Fill` ಗೇಟನ್ನು ಎಷ್ಟೋ ಸಲ ಚೆಂದವಾಗಿಯೇ ಬರೆದುಕೊಡುತ್ತದೆ. ಒಂದೇ ಸಮಸ್ಯೆ, ಅದು ನಿಮ್ಮ ಗೇಟಾಗಿರುವುದಿಲ್ಲ. ಮೊದಲು ಬಂದಾಗ ಅದು ಕೊಡುತ್ತಿದ್ದ ಚಿತ್ರ 1024 ಪಿಕ್ಸೆಲ್‌ಗೆ ಸೀಮಿತವಾಗಿತ್ತು. ದೊಡ್ಡ ಜಾಗ ಆಯ್ದರೆ ಅದನ್ನೇ ಹಿಗ್ಗಿಸಿ ಕೂರಿಸುತ್ತಿದ್ದರಿಂದ ಮಬ್ಬಾಗುತ್ತಿತ್ತು. ದೊಡ್ಡದನ್ನು ತುಂಡು ತುಂಡಾಗಿ ಆಯ್ದು ತುಂಬುವುದು ಈಗಲೂ ಒಳ್ಳೆಯ ಅಭ್ಯಾಸ.

ಹೊಸಬರು ಕಡೆಗಣಿಸುವುದು ಹಳೆಯ `Edit > Content-Aware Fill` ಅನ್ನು. ಅದರ ಕಿಟಕಿಯಲ್ಲಿ ಹಸಿರು ಹೊದಿಕೆ ಕಾಣುತ್ತದೆ. ತುಣುಕು ಎಲ್ಲಿಂದ ತರಬಹುದು ಎಂಬುದನ್ನು ಅದು ತೋರಿಸುತ್ತದೆ, ಬೇಡದ ಕಡೆ ನೀವು ಅದನ್ನು ಅಳಿಸಬಹುದು. ಬಲ ಬಾಗಿಲಿನ ಮೇಲಷ್ಟೇ ಹಸಿರು ಉಳಿಸಿ `Mirror` ಗುರುತು ಹಾಕಿದರೆ, ಮೇಲೆ ಕೈಯಲ್ಲಿ ಮಾಡಿದ ಕೆಲಸದ ಮುಕ್ಕಾಲು ಪಾಲು ಕೆಲವೊಮ್ಮೆ ಅದೇ ಮಾಡಿಕೊಡುತ್ತದೆ. `Output To` ಅನ್ನು `New Layer` ಮಾಡುವುದನ್ನು ಮರೆಯಬೇಡಿ.

## ಲಾಲ್‌ಬಾಗ್ ಗಾಜಿನ ಮನೆ ಮುಂದೆ ಜನ ತುಂಬಿದ್ದಾರೆ. ಎಲ್ಲರನ್ನೂ ತೆಗೆಯಬಹುದೇ?

ಒಂದೇ ಫೋಟೊದಿಂದ ಬೇಡ. ಗಾಜಿನ ಮನೆ ಎಂದರೆ ಕಬ್ಬಿಣದ ಕಮಾನು, ಗಾಜಿನ ಚೌಕಟ್ಟುಗಳ ಸಾಲು. ಮೂವತ್ತು ಜನರನ್ನು ಅಳಿಸಿದರೆ ಮೂವತ್ತು ಕಡೆ ಊಹೆ. ಅದರ ಬದಲು ನಿಜವಾದ ಹಿನ್ನೆಲೆಯನ್ನೇ ಸಂಗ್ರಹಿಸಿ. ಮೊಬೈಲನ್ನು ಟ್ರೈಪಾಡಿನಲ್ಲೋ ಕಟ್ಟೆಯ ಮೇಲೋ ಅಲುಗದಂತೆ ಇಟ್ಟು, ಬೆಳಕಿನ ಅಳತೆ ಬದಲಾಗದಂತೆ ಎಕ್ಸ್‌ಪೋಷರ್ ಲಾಕ್ ಮಾಡಿ, ಹತ್ತು ಹದಿನೈದು ಸೆಕೆಂಡಿಗೊಂದರಂತೆ ಒಂಬತ್ತು ಫೋಟೊ ತೆಗೆಯಿರಿ. ಕಂಪ್ಯೂಟರ್ ಪ್ರತಿ ಪಿಕ್ಸೆಲ್‌ಗೂ ಒಂಬತ್ತು ಫೋಟೊಗಳ ಬಣ್ಣದ ಅಂಕಿಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಇಟ್ಟುಕೊಳ್ಳುತ್ತದೆ. ಒಂದು ಜಾಗದಲ್ಲಿ ಒಂಬತ್ತರಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಫೋಟೊಗಳಲ್ಲಿ ಮಾತ್ರ ಜನ ಇದ್ದರೆ, ಅಲ್ಲಿ ಗೆಲ್ಲುವುದು ಹಿನ್ನೆಲೆಯೇ.

ಫೋಟೊಶಾಪ್‌ನಲ್ಲಿ `File > Scripts > Load Files into Stack` ತೆರೆದು, ಫೋಟೊಗಳನ್ನು ಸೇರಿಸಿ, ಕೆಳಗಿನ ಎರಡೂ ಚೌಕಗಳಿಗೆ ಗುರುತು ಹಾಕಿ. ನಂತರ `Layer > Smart Objects > Stack Mode > Median`. ಹಣ ಕೊಡದ ದಾರಿಗೆ ಹ್ಯೂಗಿನ್ ಮತ್ತು ಇಮೇಜ್‌ಮ್ಯಾಜಿಕ್ ಇನ್‌ಸ್ಟಾಲ್ ಮಾಡಿ, ಫೋಟೊಗಳಿರುವ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ಈ ಎರಡು ಸಾಲು ಕೊಡಿ:

```
align_image_stack -m -C -a sari_ *.jpg
magick sari_*.tif -evaluate-sequence median khali.jpg
```

ಮೊದಲನೆಯದು ಅಲುಗಿದ ಫೋಟೊಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತದೆ, ಎರಡನೆಯದು ಜನರನ್ನು ಕಳಿಸುತ್ತದೆ. ಬೆಂಚಿನ ಮೇಲೆ ಕೂತವರು ಹೋಗುವುದಿಲ್ಲ, ಅವರು ಒಂಬತ್ತರಲ್ಲೂ ಇರುತ್ತಾರೆ. ಗಾಳಿಗೆ ಆಡುವ ಎಲೆಗಳು ಮೆತ್ತಗಾಗುತ್ತವೆ. ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಈ ಉಪಾಯವೂ ಸೋಲುತ್ತದೆ: ಸಾಲು ಸರಿಯುತ್ತಲೇ ಇದ್ದರೂ ಜಾಗ ಖಾಲಿಯಾಗುವುದೇ ಇಲ್ಲ.

## ಮದುವೆ ಗ್ರೂಪ್ ಫೋಟೊದಲ್ಲಿ ಅಡ್ಡ ಬಂದವರ ತಲೆ ತೆಗೆಯಬಹುದೇ?

ತಲೆಯ ಹಿಂದೆ ಪರದೆಯೋ ಗೋಡೆಯೋ ಇದ್ದರೆ ಆಗುತ್ತದೆ. ಅತ್ತೆಯವರ ಅರ್ಧ ಮುಖ ಮುಚ್ಚಿದ್ದರೆ, ಆಪ್ ಬರೆಯುವ ಉಳಿದರ್ಧ ಅವರದ್ದಾಗಿರುವುದಿಲ್ಲ, ಮನೆಯವರು ನೋಡಿದ ತಕ್ಷಣ ಹೇಳುತ್ತಾರೆ. ಫೋಟೊಗ್ರಾಫರ್ ಒಂದರ ಹಿಂದೊಂದು ಮೂರು ನಾಲ್ಕು ಕ್ಲಿಕ್ ಮಾಡಿರುತ್ತಾರೆ, ಅವನ್ನು ಕೇಳಿ ಪಡೆಯಿರಿ. ಮುಖ ಸರಿಯಾಗಿ ಬಂದಿರುವ ಫೋಟೊವನ್ನು ಮೇಲಿನ ಲೇಯರಾಗಿ ಇಟ್ಟು, ಗೇಟಿಗೆ ಮಾಡಿದಂತೆಯೇ ಮಾಸ್ಕ್ ಹಾಕಿ.

## ಫೋನಿನಲ್ಲಿ ಚೆನ್ನಾಗಿತ್ತು, ಪ್ರಿಂಟ್ ಹಾಕಿಸಿದರೆ ಕಲೆ ಕಾಣುತ್ತದೆ. ಏನಾಯಿತು?

ಫೋನಿನ ಪರದೆಯಲ್ಲಿ 4000 ಪಿಕ್ಸೆಲ್ ಫೋಟೊ ಮೂರ್ನಾಲ್ಕು ಪಟ್ಟು ಕುಗ್ಗಿ ಕಾಣುತ್ತದೆ, ಕುಗ್ಗಿದಾಗ ಮಬ್ಬೂ ಮುಚ್ಚಿಹೋಗುತ್ತದೆ. ಸ್ಟುಡಿಯೋದಲ್ಲಿ 12 × 18 ಇಂಚಿಗೆ ಹಾಕಿಸಿದರೆ ಇಂಚಿಗೆ 300ರ ಲೆಕ್ಕದಲ್ಲಿ 3600 × 5400 ಪಿಕ್ಸೆಲ್ ಬೇಕು, ಅಂದರೆ ನಿಮ್ಮ ಫೋಟೊದ ಒಂದೊಂದು ಪಿಕ್ಸೆಲ್ಲೂ ಹಿಗ್ಗುತ್ತದೆ. 4 × 6 ಇಂಚಿಗಾದರೆ 1200 × 1800 ಸಾಕು, ಅಲ್ಲಿ ಮೊಬೈಲ್ ಕೆಲಸವೂ ಬಹುಪಾಲು ನಡೆದುಹೋಗುತ್ತದೆ.

ಇನ್ನೊಂದು ಕಾರಣ ಕಾಳು. ಸಂಜೆ ಮಬ್ಬಿನಲ್ಲಿ ತೆಗೆದ ಫೋಟೊದ ತುಂಬ ಸಣ್ಣ ನಾಯ್ಸ್, ಅಂದರೆ ಮರಳು ಚೆಲ್ಲಿದಂಥ ಚುಕ್ಕೆ, ಇರುತ್ತದೆ, ಆಪ್ ತುಂಬಿದ ಜಾಗ ಮಾತ್ರ ನುಣುಪು. ಪ್ರಿಂಟ್‌ನಲ್ಲಿ ಅದು ಎಣ್ಣೆ ಹಚ್ಚಿದ ಜಾಗದಂತೆ ಎದ್ದು ಕಾಣುತ್ತದೆ. ಫೋಟೊಶಾಪ್‌ನಲ್ಲಿ ಆ ಜಾಗವನ್ನಷ್ಟೇ ಆಯ್ದು `Filter > Noise > Add Noise`, `Gaussian`, `Monochromatic`, ಎರಡು ಮೂರು ಶೇಕಡ ಕೊಟ್ಟರೆ ಸುತ್ತಲಿನದಕ್ಕೆ ಹೊಂದುತ್ತದೆ.

## ಪ್ರಿಂಟ್‌ಗೆ ಕೊಡುವ ಮೊದಲೇ ತಪ್ಪು ಹಿಡಿಯುವುದು ಹೇಗೆ?

100 ಶೇಕಡ ಹಿಗ್ಗಿಸಿ ಅಳಿಸಿದ ಜಾಗದ ಅಂಚನ್ನೆಲ್ಲ ಒಂದು ಸುತ್ತು ನೋಡಿ. ಗೆರೆಗಳು ಒಂದು ಕಡೆ ಒಳಹೋಗಿ ಇನ್ನೊಂದು ಕಡೆ ಅದೇ ಎತ್ತರದಲ್ಲಿ ಹೊರಬರುತ್ತವೆಯೇ? ಆಮೇಲೆ ಇಡೀ ಫೋಟೊವನ್ನು ಎಡಬಲ ತಿರುಗಿಸಿ ನೋಡಿ. ಗಂಟೆಗಟ್ಟಲೆ ನೋಡಿ ಒಗ್ಗಿಹೋದ ಕಣ್ಣಿಗೆ ಆಗ ತಪ್ಪು ಥಟ್ಟನೆ ಕಾಣುತ್ತದೆ.

ಆಕಾಶಕ್ಕೆ ಬೇರೆ ಪರೀಕ್ಷೆ ಬೇಕು. `Curves` ತೆರೆದು ಗೆರೆಯನ್ನು ಆಕಾಶದ ಬೆಳಕಿನ ಭಾಗದಲ್ಲಿ ಬಹಳ ಕಡಿದಾಗಿ ಮಾಡಿ. ಕೇಬಲ್ ಇದ್ದ ಜಾಗದಲ್ಲಿ ಪಟ್ಟೆಯೊಂದು ಉಳಿದಿದ್ದರೆ ಎದ್ದು ತೋರುತ್ತದೆ. ನೋಡಿ, ರದ್ದು ಮಾಡಿ.

## ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ? ನನ್ನ ಫೋಟೊ ಎಲ್ಲಿಗಾದರೂ ಹೋಗುತ್ತದೆಯೇ?

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ, ಒಮ್ಮೆ ಪ್ರಯತ್ನಿಸಿ. ಕೆಲಸ ನಡೆದರೆ ಅದು ಫೋನಿನೊಳಗೇ ನಡೆಯುತ್ತಿದೆ. ನೆಟ್ ಬೇಕು ಎಂದು ಹೇಳಿದರೆ ಫೋಟೊ ಕಂಪನಿಯ ಸರ್ವರಿಗೆ ಹೋಗಿ ಬರುತ್ತಿರಬಹುದು. `Generative Fill` ಈ ಎರಡನೆಯ ಜಾತಿ. ಗಿಂಪ್‌ನ `Clone`, `Heal` ಪೂರ್ತಿ ನಿಮ್ಮ ಕಂಪ್ಯೂಟರಿನಲ್ಲೇ.

## ಬಾಡಿಗೆ ಜಾಹೀರಾತಿಗೆ ಮನೆ ಫೋಟೊ ಹಾಕುವಾಗ ಏನೇನು ತೆಗೆಯಬಹುದು?

ನಾಳೆ ಅಲ್ಲಿ ಇರದ ವಸ್ತುವನ್ನು ತೆಗೆಯಿರಿ: ಸ್ಕೂಟರ್, ಕಸದ ಬಕೆಟ್ಟು, ಒಣಹಾಕಿದ ಬಟ್ಟೆ. ಗೇಟಿನ ಪಕ್ಕದ ಟ್ರಾನ್ಸ್‌ಫಾರ್ಮರ್, ಗೋಡೆಯ ತೇವದ ಕಲೆ, ಬಾಲ್ಕನಿಗೆ ತಾಗಿದ ವಿದ್ಯುತ್ ತಂತಿ ಇವನ್ನು ಅಳಿಸಿದರೆ ಮನೆ ನೋಡಲು ಬಂದವರು ಗೇಟಿನಲ್ಲೇ ಜಗಳ ತೆಗೆಯುತ್ತಾರೆ, ಅವರದ್ದು ತಪ್ಪಲ್ಲ. ಬೇರೆಯವರ ಫೋಟೊದ ಮೇಲಿನ ವಾಟರ್‌ಮಾರ್ಕ್ ತೆಗೆಯುವ ಬಗ್ಗೆ ಇಲ್ಲಿ ಉತ್ತರ ಇಲ್ಲ.

## ವಾಟ್ಸಾಪ್‌ನಲ್ಲಿ ಬಂದ ಫೋಟೊ ಮೇಲೆ ಮಾಡಬಹುದೇ?

ಮಾಡಬಹುದು, ಚೆನ್ನಾಗಿ ಬರುವುದಿಲ್ಲ. ವಾಟ್ಸಾಪ್ ಮಾಮೂಲಿಯಾಗಿ ಕಳಿಸುವಾಗ ಫೋಟೊವನ್ನು ಕುಗ್ಗಿಸಿ ಹಿಂಡುತ್ತದೆ. ಹಿಂಡಿದ ಜೆಪೆಗ್‌ನಲ್ಲಿ 8 × 8 ಪಿಕ್ಸೆಲ್‌ಗಳ ಸಣ್ಣ ಚೌಕಗಳು ಮೂಡಿರುತ್ತವೆ, ಕೇಬಲ್‌ನ ಸುತ್ತ ಆಕಾಶದಲ್ಲಿ ಕೊಳೆ ಹತ್ತಿದಂತೆ ಕಾಣುತ್ತದೆ. ಕೇಬಲ್ ಅಳಿಸಿದರೂ ಆ ಕೊಳೆ ಉಳಿಯುತ್ತದೆ, ಅದನ್ನೂ ಸೇರಿಸಿ ಅಗಲವಾಗಿ ಗುರುತು ಹಾಕಬೇಕಾಗುತ್ತದೆ. ಕಳಿಸುವವರಿಗೆ ಫೋಟೊವಾಗಿ ಬೇಡ, `Document` ಆಗಿ ಕಳಿಸಿ ಎಂದು ಹೇಳಿ. ಆಗ ಮೂಲ ಫೈಲು ಹಾಗೇ ಬರುತ್ತದೆ.

ನಿಮ್ಮದೇ ಫೋಟೊ ಆದರೂ, ಒಂದು ಆಪ್‌ನಲ್ಲಿ ಕೇಬಲ್ ತೆಗೆದು ಸೇವ್ ಮಾಡಿ, ಇನ್ನೊಂದರಲ್ಲಿ ಸ್ಕೂಟರ್ ತೆಗೆದು ಸೇವ್ ಮಾಡಿ, ಮೂರನೆಯದರಲ್ಲಿ ಬಣ್ಣ ಹಾಕಿದರೆ ಪ್ರತಿ ಸೇವ್‌ಗೂ ಜೆಪೆಗ್ ಮತ್ತೊಮ್ಮೆ ಹಿಂಡುತ್ತದೆ. ಒಂದೇ ಆಪ್‌ನಲ್ಲಿ ಕೂತು ಮುಗಿಸಿ, ಒಂದೇ ಸಲ ಸೇವ್ ಮಾಡಿ. ಗಿಂಪ್‌ನಲ್ಲಿ ಕೆಲಸ ನಡೆಯುತ್ತಿರುವಾಗ `.xcf` ಆಗಿ ಉಳಿಸಿಕೊಳ್ಳಿ, ಲೇಯರುಗಳೂ ಮಾಸ್ಕೂ ಅದರಲ್ಲಿ ಉಳಿಯುತ್ತವೆ. ಸ್ಟುಡಿಯೋಗೆ ಕೊಡುವ ದಿನ `File > Export As` ಒತ್ತಿ ಜೆಪೆಗ್ ಮಾಡಿ, `Quality` 95 ಇರಲಿ.